ಅಲಾರಂ ಹೊಡೆಯುತ್ತದೆ, ಆದರೂ ಹೋಂವರ್ಕ್ ತಪ್ಪುತ್ತಿದೆ: ಏನು ಮಾಡಬೇಕು?

ಸುಮಾ, ಡಲ್ಲಾಸ್ ಹತ್ತಿರ
ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿಗೆ ಬಂದಿರುವ ನನ್ನ ಮಗ ಈ ವರ್ಷ ಶಾಲೆಯ ವೇಳಾಪಟ್ಟಿಯನ್ನೂ ಹೋಂವರ್ಕ್ ಒಪ್ಪಿಸಬೇಕಾದ ಗಡುವುಗಳನ್ನೂ ತಾನೇ ಫೋನಿನ ಕ್ಯಾಲೆಂಡರಿಗೆ ಹಾಕಿಕೊಂಡಿದ್ದಾನೆ. ಆಗಸ್ಟ್‌ನಲ್ಲಿ ಎಲ್ಲವೂ ಸುಸೂತ್ರವಾಗಿತ್ತು. ಲೇಬರ್ ಡೇ ರಜೆಯಾದ ಮೇಲೆ ಜೀವಶಾಸ್ತ್ರದ ತರಗತಿ ಇರುವ ದಿನ ಅವನ ಫೋನು ಇತಿಹಾಸದ ಕೆಲಸವನ್ನು ನೆನಪಿಸುತ್ತಿದೆ. ಗೂಗಲ್ ಕ್ಲಾಸ್‌ರೂಮ್‌ನಲ್ಲಿ Missing ಎಂಬ ಗುರುತುಗಳು ಹೆಚ್ಚಾಗುತ್ತಿವೆ, ಶನಿವಾರ ಭಾನುವಾರಗಳು ಬಾಕಿ ತೀರಿಸುವುದರಲ್ಲೇ ಕಳೆದುಹೋಗುತ್ತಿವೆ. ನಾನು ಮಧ್ಯೆ ಹೋಗಬೇಕೇ, ಸುಮ್ಮನಿರಬೇಕೇ ಎಂಬುದೇ ತಿಳಿಯುತ್ತಿಲ್ಲ.

ರಮೇಶ್, ಆಸ್ಟಿನ್
ಸುಮಾ ಅವರೇ, ನಿಮ್ಮ ಶಾಲೆಯಲ್ಲಿ ಎ ದಿನ, ಬಿ ದಿನ ಎಂದು ತರಗತಿಗಳು ಸರದಿಯಲ್ಲಿ ಬರುತ್ತವೆ ಎಂದು ಭಾವಿಸಿ ಹೇಳುತ್ತೇನೆ. ಹುಡುಗ ಪ್ರತಿ ತರಗತಿಯನ್ನೂ ಎರಡು ವಾರಕ್ಕೊಮ್ಮೆ ತಾನಾಗಿ ಮರುಕಳಿಸುವಂತೆ ಹಾಕಿರಬೇಕು. ರಜೆಗೆ ಮುಂಚಿನ ಶುಕ್ರವಾರ ಎ ದಿನವಾಗಿದ್ದರೆ ಫೋನಿನ ಲೆಕ್ಕದಲ್ಲಿ ಸೋಮವಾರ ಬಿ, ಮಂಗಳವಾರ ಎ. ಆದರೆ ಸೋಮವಾರ ಶಾಲೆಯೇ ಇಲ್ಲದ್ದರಿಂದ ಶಾಲೆಯು ಮಂಗಳವಾರವನ್ನು ಬಿ ಎಂದು ಎಣಿಸುತ್ತದೆ. ಅಲ್ಲಿಂದ ಮುಂದಕ್ಕೆ ಎಲ್ಲವೂ ಅದಲುಬದಲು. ಮರುಕಳಿಸುವ ನಮೂದುಗಳನ್ನು ಅಳಿಸಿ, ಶಾಲೆ ಕೊಡುವ ಕ್ಯಾಲೆಂಡರ್ ನೋಡಿ ತಿಂಗಳು ತಿಂಗಳಿಗೆ ಎ, ಬಿ ಬರೆದುಕೊಳ್ಳಲಿ. ಹೋಂವರ್ಕಿನ ನೆನಪೋಲೆಯನ್ನು ವಾರಕ್ಕೆ ಕಟ್ಟದೆ, ಒಪ್ಪಿಸಬೇಕಾದ ತಾರೀಖಿಗೇ ಹಾಕಲಿ.

ಅಂದಹಾಗೆ, ಅವನು ನೆನಪೋಲೆಯನ್ನು ಯಾವ ಹೊತ್ತಿಗೆ ಇಡುತ್ತಾನೆ?

ಸುಮಾ
ರಾತ್ರಿ 11ಕ್ಕೆ. ಗಡುವು 11:59ಕ್ಕೆ ಇರುತ್ತದೆ.

ನಾಗರಾಜ್, ನ್ಯೂಜೆರ್ಸಿ
ತಾಯಿಯೇ, ಸಮಸ್ಯೆ ಎ, ಬಿ ದಿನದ್ದಲ್ಲ, ಫೋನಿನದು. ಹದಿನಾಲ್ಕರ ಹುಡುಗನ ಕೈಗೆ ಫೋನು ಕೊಟ್ಟು ನೆನಪೋಲೆ ಇಟ್ಟುಕೋ ಎಂದರೆ, ಅಲಾರಂ ಆರಿಸಲು ಎತ್ತಿಕೊಂಡ ಫೋನು ಅರ್ಧ ಗಂಟೆ ಕೆಳಗಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಬಾಗಿಲಿನ ಮೇಲೆ ಕಾಗದದ ವೇಳಾಪಟ್ಟಿ ಇತ್ತು. ಪ್ರತಿ ಸಂಜೆ ನಾನೇ ಎದುರು ಕುಳಿತು ಒಂದೊಂದನ್ನೂ ಗೀಟು ಹಾಕಿಸುತ್ತಿದ್ದೆ. ಇಬ್ಬರು ಮಕ್ಕಳೂ ಒಳ್ಳೆಯ ಕಾಲೇಜು ಸೇರಿದರು. ಮಕ್ಕಳ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ನಾವು ಜವಾಬ್ದಾರಿಯಿಂದ ಜಾರಿಕೊಳ್ಳಬಾರದು.

ವಿಜಯಾ, ಟೊರಾಂಟೊ
ನಾಗರಾಜ್ ಅವರ ಮಾತು ನೂರಕ್ಕೆ ನೂರು ನಿಜ. ನನ್ನ ಮಗಳು ಡೈರಿಯಲ್ಲೇ ಬರೆದುಕೊಂಡು ಹನ್ನೆರಡನೇ ತರಗತಿಯವರೆಗೆ ಒಂದು ಗಡುವನ್ನೂ ತಪ್ಪಿಸಲಿಲ್ಲ.

ಪ್ರಕಾಶ್, ಸಿಯಾಟಲ್
ಎದುರು ಕುಳಿತು ಗೀಟು ಹಾಕಿಸಿದ ಮಗು ಹಾಸ್ಟೆಲಿಗೆ ಹೋದ ಮೇಲೆ ಎದುರು ಯಾರು ಕೂರುತ್ತಾರೆ, ನಾಗರಾಜ್ ಅವರೇ? ಆ ಹುಡುಗ ತಾನಾಗಿ ಶುರುಮಾಡಿದ್ದಾನೆ, ಅದನ್ನು ಕಿತ್ತುಕೊಳ್ಳಬೇಡಿ.

ನಾಗರಾಜ್
ಕಿತ್ತುಕೊಳ್ಳಿ ಎಂದು ನಾನು ಹೇಳಲಿಲ್ಲ. ಎದುರಿಗಿರಿ ಎಂದೆ.

ಅನಘಾ, ಡಲ್ಲಾಸ್
ಸುಮಾ ಆಂಟಿ, ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೇನೆ. ರಮೇಶ್ ಅಂಕಲ್ ಕೇಳಿದ ಪ್ರಶ್ನೆಯಲ್ಲೇ ಉತ್ತರವಿದೆ. ರಾತ್ರಿ 11ಕ್ಕೆ ಹೊಡೆಯುವ ಅಲಾರಂ ಕೆಲಸ ಉಳಿದಿದೆ ಎಂದು ಹೇಳುತ್ತದೆಯೇ ಹೊರತು ಮಾಡುವುದಕ್ಕೆ ಸಮಯ ಕೊಡುವುದಿಲ್ಲ. ಜೀವಶಾಸ್ತ್ರದ ಲ್ಯಾಬ್ ವರದಿಯನ್ನು ಗುರುವಾರ ಒಪ್ಪಿಸಬೇಕು, ಅದಕ್ಕೆ ಎರಡು ಗಂಟೆ ಬೇಕು ಎಂದುಕೊಳ್ಳಿ. ಮಂಗಳವಾರ ಸಂಜೆ 5ಕ್ಕೆ "ಕೋಷ್ಟಕ ಮತ್ತು ನಕ್ಷೆ", ಬುಧವಾರ 7ಕ್ಕೆ "ತೀರ್ಮಾನ ಬರೆ" ಎಂದು ಇಡಬೇಕು. ಬರೀ "ಬಯಾಲಜಿ" ಎಂದಿದ್ದರೆ ಎಲ್ಲಿಂದ ಶುರುಮಾಡುವುದೆಂದು ತೋಚದೆ ಮುಂದೂಡುತ್ತೇವೆ. ಗುರುವಾರ ರಾತ್ರಿ 8ರ ಮೂರನೆಯ ನೆನಪೋಲೆ Turn in ಒತ್ತಿದ್ದೇನೆಯೇ ಎಂದು ನೋಡುವುದಕ್ಕೆ ಮಾತ್ರ. ಫೈಲ್ ಲಗತ್ತಿಸಿ ಆ ಗುಂಡಿ ಒತ್ತದಿದ್ದರೆ ಮುಗಿಸಿದ ಕೆಲಸಕ್ಕೂ Missing ಎಂದೇ ಬರುತ್ತದೆ. ಅವನ ಪಟ್ಟಿಯಲ್ಲಿ ಅಂಥವು ಎಷ್ಟಿವೆ ಎಂದು ಮೊದಲು ನೋಡಿಸಿ.

ಸುಮಾ
ಅನಘಾ, ತುಂಬ ಉಪಕಾರವಾಯಿತಮ್ಮ. ಈಗಲೇ ನೋಡಿದೆವು, ಎರಡು ಹಾಗೆಯೇ ಇದ್ದವು. ವಾರಾಂತ್ಯವನ್ನು ಹೇಗೆ ಹೊಂದಿಸುವುದು? ಭಾನುವಾರ ಬೆಳಿಗ್ಗೆ ಕನ್ನಡ ತರಗತಿಯೂ ಇದೆ.

ವಿಜಯಾ
ಕನ್ನಡ ತರಗತಿಯನ್ನು ಮಾತ್ರ ಬಿಡಿಸಬೇಡಿ. ಎಲ್ಲರೂ ಮೊದಲು ಕೈಬಿಡುವುದು ಅದನ್ನೇ.

ಅನಘಾ
ಬಿಡಿಸಬೇಕಾಗಿಲ್ಲ ಆಂಟಿ. ಶುಕ್ರವಾರ ಶಾಲೆಯಿಂದ ಬಂದ ಕೂಡಲೇ ಬಾಕಿಯ ಪಟ್ಟಿ ಬರೆಯಲಿ; ಶನಿವಾರ ಬರೆಯಲು ಕುಳಿತರೆ ಬೆಳಗಿನ ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಶನಿವಾರ 10ರಿಂದ 11:30ರವರೆಗೆ ಬಾಕಿ ಕೆಲಸ ಮಾತ್ರ, ಮುಂದಿನ ವಾರದ್ದನ್ನು ಅಲ್ಲಿ ಸೇರಿಸಬಾರದು. ತಡವಾದರೂ ಯಾವ ಟೀಚರ್ ಇನ್ನೂ ಅಂಕ ಕೊಡುತ್ತಾರೋ ಅವರ ಕೆಲಸ ಮೊದಲು. ಉಳಿದದ್ದಕ್ಕೆ ಭಾನುವಾರ 4ರಿಂದ 5. ಅದಕ್ಕೂ ಮೀರಿದರೆ ರಾತ್ರಿಗೆ ಎಳೆಯದೆ, ಎಂದು ಒಪ್ಪಿಸಬಹುದು ಎಂದು ಕೇಳಿ ಟೀಚರಿಗೆ ತಾನೇ ಮೇಲ್ ಬರೆಯಲಿ. ಒಂದೇ ವಿಷಯ ವಾರ ವಾರವೂ ಶನಿವಾರಕ್ಕೆ ಬಂದು ಕೂರುತ್ತಿದ್ದರೆ, ವಾರದ ನಡುವೆ ಅದಕ್ಕಿಟ್ಟ ಸಮಯ ಸಾಲುತ್ತಿಲ್ಲವೆಂದೇ ಅರ್ಥ, ಅಲ್ಲಿ ಹೆಚ್ಚಿಸಬೇಕು.

ನಾಗರಾಜ್
ಶುಕ್ರವಾರದ ಆ ಪಟ್ಟಿಯನ್ನಾದರೂ ಕಾಗದದ ಮೇಲೆ ಬರೆಸಿ.

ಸುಮಾ
ಆಗಲಿ ಸರ್, ಕಾಗದದ ಮೇಲೇ ಬರೆಯುತ್ತಾನಂತೆ. ಫ್ರಿಜ್ಜಿನ ಮೇಲೆ ಅಂಟಿಸುವುದಿಲ್ಲವಂತೆ, ತನ್ನ ಮೇಜಿನ ಮೇಲೆಯೇ ಇರಲಿ ಎನ್ನುತ್ತಾನೆ.