ಅರಮನೆ ದೀಪದ ಫೋಟೋಗೆ ಅಂಟಿಸಿದ ಮಾವ ಸ್ಟಿಕ್ಕರ್ ಥರ ಕಾಣುತ್ತಾರೆ

ಕಬ್ಬಿನಗದ್ದೆ, ಮಂಡ್ಯ: ಭಾನುವಾರ ಸಂಜೆ ಮೈಸೂರು ಅರಮನೆ ದೀಪ ಹತ್ತಿದಾಗ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಂಡೆವು. ಐಎಸ್‌ಒ 3200, ಹಾಗಾಗಿ ನಾಯ್ಸ್, ಅಂದರೆ ಸಣ್ಣ ಚುಕ್ಕಿಗಳು, ಜಾಸ್ತಿ. ಸೋದರಮಾವ ಬಂದಿರಲಿಲ್ಲ. ಅವರದು ಕೆಆರ್‌ಎಸ್‌ನಲ್ಲಿ ಬಿಸಿಲಲ್ಲಿ ತೆಗೆದ ಫೋಟೋ ಇತ್ತು, ಐಎಸ್‌ಒ 100. ಅದರಿಂದ ಫೋಟೋಶಾಪ್‌ನಲ್ಲಿ ಕತ್ತರಿಸಿ, 40%ಗೆ ಚಿಕ್ಕದು ಮಾಡಿ ಅಪ್ಪನ ಪಕ್ಕ ನಿಲ್ಲಿಸಿದೆ. ಬಣ್ಣ ಹೊಂದಿತು, ಮಾವ ಮಾತ್ರ ಹೊಂದಲಿಲ್ಲ. Add Noise 10% ಹಾಕಿದರೆ ಮುಖದ ಮೇಲೆ ರವೆ ಉದುರಿಸಿದ ಹಾಗಾಯಿತು.

ಫ್ಲ್ಯಾಶ್ ಶಿವು: ಸುಮ್ನೆ ಎಲ್ಲ ಲೇಯರ್ ಸೇರಿಸಿ ಇಡೀ ಫೋಟೋಗೆ ನಾಯ್ಸ್ ಹಾಕಿ. ನಾನು ಹಾಗೇ ಮಾಡುವುದು.

ಕತ್ತಲಕೋಣೆ, ಮೈಸೂರು: ಶಿವು ಅವರೇ, ಕೊನೆಯಲ್ಲಿ ತೆಳುವಾಗಿ ಹಾಕಿದರೆ ಒಳ್ಳೆಯದೇ. ಆದರೆ ಮೊದಲೇ ನಾಯ್ಸ್ ಇರುವವರಿಗೆ ಇನ್ನೂ ಜಾಸ್ತಿ ಆಗುತ್ತದೆ, ಮಾವನಿಗೆ ಆಗಲೂ ಕಮ್ಮಿಯೇ.

ಮೊದಲು ಶಾರ್ಪ್‌ನೆಸ್ ನೋಡಿ. ಚಿಕ್ಕದು ಮಾಡಿದಾಗ ಮಾವನ ಅಂಚು ಇನ್ನೂ ಚೂಪಾಗಿದೆ. 200%ಗೆ ಹಿಗ್ಗಿಸಿ ಅಪ್ಪನ ಕಾಲರ್ ಅಂಚು ಎಷ್ಟು ಪಿಕ್ಸೆಲ್‌ನಲ್ಲಿ ಕರಗುತ್ತದೆ ನೋಡಿ. ಮಾವನದೂ ಅಷ್ಟಾಗುವ ತನಕ Gaussian Blur ಕೊಡಿ, 0.6ರಿಂದ ಶುರು ಮಾಡಿ. ನಾಯ್ಸ್ ಆಮೇಲೆ. ಮೊದಲೇ ಹಾಕಿದರೆ ಬ್ಲರ್ ಅದನ್ನೂ ಅಳಿಸಿಬಿಡುತ್ತದೆ.

ನಾಯ್ಸನ್ನು ಮಾವನ ಮೇಲೆ ನೇರವಾಗಿ ಹಾಕಬೇಡಿ. ಮೇಲೊಂದು ಲೇಯರ್ ಮಾಡಿ 50% ಬೂದು ತುಂಬಿ, Overlay ಇಟ್ಟು, ಮಾವನಿಗೆ ಕ್ಲಿಪ್ ಮಾಡಿ. ಅದರಲ್ಲಿ ನಾಯ್ಸ್ ಹಾಕಿ 0.5ರಷ್ಟು ಬ್ಲರ್ ಕೊಡಿ. ರವೆ ಕಾಣುವುದು ಇದನ್ನು ಬಿಟ್ಟಿದ್ದಕ್ಕೇ. ಕ್ಯಾಮೆರಾದ ನಾಯ್ಸ್ ಒಂದೊಂದು ಚುಕ್ಕಿಯಲ್ಲ, ಸ್ವಲ್ಪ ಹರಡಿಕೊಂಡಿರುತ್ತದೆ.

ಆಮೇಲೆ ಒಂದೊಂದೇ ಚಾನೆಲ್ ನೋಡಿ. ಅರಮನೆಯ ಹಳದಿ ಬೆಳಕಲ್ಲಿ ನೀಲಿ ಕಮ್ಮಿ. ಬಿಳಿ ಸರಿಮಾಡಲು ಕ್ಯಾಮೆರಾ ನೀಲಿಯನ್ನು ಎಳೆದು ಹೆಚ್ಚಿಸುತ್ತದೆ, ಜೊತೆಗೆ ಅದರ ನಾಯ್ಸೂ ಏಳುತ್ತದೆ. ಹಾಗಾಗಿ ಬೂದು ಲೇಯರ್‌ನ Blue ಚಾನೆಲ್‌ಗೆ ಮಾತ್ರ ಇನ್ನೊಂದು ಸಲ ನಾಯ್ಸ್ ಹಾಕಿ.

ಸರಸ್ವತಿಪುರಂ ಅಜ್ಜಿ ಮನೆ: ನಮ್ಮಜ್ಜಿ ಮದುವೆ ಫೋಟೋ ಸ್ಕ್ಯಾನ್ ಮಾಡಿದರೆ ತುಂಬಾ ಚುಕ್ಕಿ ಚುಕ್ಕಿ. ಹೀಗೇ ಬ್ಲರ್ ಕೊಟ್ಟರೆ ಹೋಗುತ್ತಾ?

ಕತ್ತಲಕೋಣೆ: ಜೇನುಗೂಡಿನ ಹಾಗೆ ಒಂದೇ ಸಮ ಇದ್ದರೆ ಅದು ಕಾಗದದ ಉಬ್ಬು ಮೇಡಂ, ನಾಯ್ಸ್ ಅಲ್ಲ. ಅದಕ್ಕೆ ಬೇರೆಯೇ ಕೆಲಸ. ಬೇರೆ ಪೋಸ್ಟ್ ಹಾಕಿ.

ಕಬ್ಬಿನಗದ್ದೆ: ಸರ್, ಎಷ್ಟು ಸಾಕು ಅಂತ ಕಣ್ಣಲ್ಲೇ ಗೊತ್ತಾಗಬೇಕಾ?

ಕತ್ತಲಕೋಣೆ: ಬೇಡ. ಅಪ್ಪನ ಬಿಳಿ ಶರ್ಟಲ್ಲಿ ಸುಕ್ಕಿಲ್ಲದ ಜಾಗ ಆಯ್ದು Histogram ಪ್ಯಾನೆಲ್‌ನಲ್ಲಿ Std Dev ನೋಡಿ. ಮಾವನಲ್ಲೂ ಅಷ್ಟೇ ಬೆಳಕಿರುವ ಜಾಗ ಆಯಬೇಕು. ಎಚ್ಚರಿಕೆಯ ತ್ರಿಕೋನ ಬಂದರೆ ಒತ್ತಿ, ಇಲ್ಲದಿದ್ದರೆ ಹಳೇ ಲೆಕ್ಕ ತೋರಿಸುತ್ತದೆ.

ಕಬ್ಬಿನಗದ್ದೆ: ನೀಲಿಯಲ್ಲಿ ಅಪ್ಪ 11, ಮಾವ 3 ಇದ್ದರು. ಈಗ ಮಾವ 10. ಬ್ಲರ್ 0.8ಕ್ಕೆ ನಿಂತಿತು. ಅಮ್ಮನಿಗೆ ತೋರಿಸಿದೆ, "ಇವನು ಯಾವಾಗ ಬಂದಿದ್ದ?" ಅಂದರು! ಕೂದಲು ಮಾತ್ರ ಇನ್ನೂ ನುಣ್ಣಗಿದೆ.

ಕತ್ತಲಕೋಣೆ: Overlay ಕಪ್ಪಿನ ಮೇಲೆ ಹೆಚ್ಚು ಹತ್ತುವುದಿಲ್ಲ. ಕೂದಲಿಗೆ ಮಾತ್ರ ಮಾಸ್ಕ್ ಮಾಡಿ, ನೇರವಾಗಿ 2% ಹಾಕಿ ನೋಡಿ. ನನಗೂ ಅದು ಪ್ರತಿ ಸಲ ಒಪ್ಪವಾಗಿ ಬಂದಿಲ್ಲ.

ಫ್ಲ್ಯಾಶ್ ಶಿವು: ಅಲ್ಲ, ಮಾವನ ನೆರಳು ಯಾಕೆ ಅಪ್ಪನ ನೆರಳಿಗೆ ಎದುರು ದಿಕ್ಕಲ್ಲಿದೆ?