ಸಪ್ಲೈಯರ್ ಸರಿಯಾದ ಬಿಲ್ ಕಳಿಸಿದ್ರು, ಆದ್ರೂ 2ಬಿಯಲ್ಲಿ ಬರ್ತಿಲ್ಲ. ಪತ್ರ ಹೇಗೆ ಬರೆಯಲಿ?

ಗೋಣಿಕೊಪ್ಪ ಕಾಫಿಪುಡಿ · 20 ಸೆಪ್ಟೆಂಬರ್ 2025

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ ನನ್ನದು ಸಣ್ಣ ಕಾಫಿಪುಡಿ ಅಂಗಡಿ. ಜುಲೈ 18ಕ್ಕೆ ಮೈಸೂರಿನ ಒಬ್ಬ ಡೀಲರ್ ಹತ್ರ ಪುಡಿ ಮಾಡುವ ಮಿಷನ್ ತಗೊಂಡೆ. ಬೆಲೆ 1,40,000, ತೆರಿಗೆ 25,200, ಒಟ್ಟು 1,65,200. ಬ್ಯಾಂಕ್ ಲೋನ್ ಮಾಡಿ ತಗೊಂಡಿದ್ದು.

ಆಗಸ್ಟ್ 14ಕ್ಕೆ ನನ್ನ 2ಬಿ, ಅಂದ್ರೆ ನಾವು ಕೊಂಡ ಬಿಲ್‌ಗಳು ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾಣುವ ಪಟ್ಟಿ, ನೋಡಿದ್ರೆ ಈ ಬಿಲ್ ಇರಲೇ ಇಲ್ಲ. ಬಿಲ್ ತೆಗೆದು ನೋಡಿದಾಗ ಗೊತ್ತಾಯ್ತು, ಹೆಸರು ನನ್ನ ಅಂಗಡಿಯದ್ದೇ, ಆದ್ರೆ ಜಿಎಸ್‌ಟಿ ನಂಬರ್ ನನ್ನದಲ್ಲ. ಆಗಸ್ಟ್ ಕೊನೆಗೆ ಹೀಗೆ ಬರೆದು ಮೇಲ್ ಹಾಕಿದೆ:

"ಸರ್, ಬಿಲ್‌ನಲ್ಲಿ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿದೆ. ದಯವಿಟ್ಟು ಸರಿ ಮಾಡಿ ಹೊಸ ಬಿಲ್ ಕಳಿಸಿ."

ಎರಡೇ ದಿನದಲ್ಲಿ ಸರಿಯಾದ ನಂಬರ್ ಹಾಕಿದ ಬಿಲ್ ಬಂತು. ನೆಮ್ಮದಿ ಆಯ್ತು. ಈಗ ಸೆಪ್ಟೆಂಬರ್ 14ರ 2ಬಿ ನೋಡಿದೆ, ಅಲ್ಲೂ ಇಲ್ಲ. ಫೋನ್ ಮಾಡಿದ್ರೆ "ಸರಿ ಮಾಡಿ ಕೊಟ್ಟಿದ್ದೀವಲ್ಲ ಮೇಡಂ" ಅಂತಾರೆ. ಸರಿಯಾದ ಬಿಲ್ ಕೈಯಲ್ಲಿದೆ, ಕೊಟ್ಟ ತೆರಿಗೆ 25,200ರ ಕ್ರೆಡಿಟ್ ಮಾತ್ರ ಸಿಗ್ತಿಲ್ಲ. ಏನು ಮಾಡಲಿ?

ಸೋಮವಾರಪೇಟೆ ಮೆಣಸು · 20 ಸೆಪ್ಟೆಂಬರ್

ಒಂದು ಅಂಕೆ ಟೈಪ್ ಮಾಡುವಾಗ ತಪ್ಪಿರುತ್ತೆ ಅಷ್ಟೇ. ಈಗ 1ಎ ಅಂತ ಒಂದು ಫಾರ್ಮ್ ಬಂದಿದೆ, ಅದರಲ್ಲಿ ತಿದ್ದಬಹುದು. ಅವರಿಗೆ ಹೇಳಿ. ಆದ್ರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಮಾಡಿಸಿ, ಆಮೇಲೆ ಆಗಲ್ಲ.

ಮಡಿಕೇರಿ ಹೋಂಸ್ಟೇ · 20 ಸೆಪ್ಟೆಂಬರ್

ನನಗೂ ಇದೇ ತೊಂದರೆ. ಹಾಸಿಗೆ, ಬೆಡ್‌ಶೀಟ್ ಎಲ್ಲಾ ಆನ್‌ಲೈನ್‌ನಲ್ಲಿ ತರಿಸಿದೆ. ಬಿಲ್ ನನ್ನ ಸ್ವಂತ ಹೆಸರಲ್ಲಿ ಬಂದಿದೆ, ಜಿಎಸ್‌ಟಿ ನಂಬರೇ ಇಲ್ಲ. ಇದನ್ನೂ ಪತ್ರ ಬರೆದು ತಿದ್ದಿಸಬಹುದಾ?

ಕುಶಾಲನಗರ ಲೆಕ್ಕಪತ್ರ · 21 ಸೆಪ್ಟೆಂಬರ್

ಹೋಂಸ್ಟೇ ಅವರೇ, ನಿಮ್ಮದು ಬೇರೆ ವಿಷಯ. ನಿಮ್ಮ ಬಿಲ್‌ನಲ್ಲಿ ನಂಬರೇ ಇಲ್ಲ ಅಂದ್ರೆ ಮಾರಿದವರು ಅದನ್ನು ಸಾಮಾನ್ಯ ಗ್ರಾಹಕರ ಲೆಕ್ಕದಲ್ಲಿ ತೋರಿಸಿರುತ್ತಾರೆ. ಬೇರೆ ಥ್ರೆಡ್ ತೆಗೀರಿ, ಅಲ್ಲಿ ಮಾತಾಡೋಣ.

ಗೋಣಿಕೊಪ್ಪದ ಮೇಡಂ, ನಿಮ್ಮ ಪತ್ರ ಕೇಳಿದ್ದನ್ನು ಡೀಲರ್ ಕೊಟ್ಟಿದ್ದಾರೆ. ನೀವು ಬಿಲ್ ಕೇಳಿದ್ರಿ, ಬಿಲ್ ಬಂತು. ಆದ್ರೆ ನಿಮ್ಮ 2ಬಿಗೆ ಬಿಲ್‌ನ ಕಾಗದ ಲೆಕ್ಕಕ್ಕಿಲ್ಲ. ಡೀಲರ್ ತಮ್ಮ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಯಾವ ನಂಬರ್ ಹಾಕಿದ್ದಾರೋ ಆ ನಂಬರಿನವರ 2ಬಿಗೆ ಅದು ಹೋಗುತ್ತೆ. ಅವರು ಸಾಫ್ಟ್‌ವೇರ್‌ನಲ್ಲಿ ನಂಬರ್ ಬದಲಿಸಿ ಮತ್ತೆ ಪ್ರಿಂಟ್ ತೆಗೆದಿದ್ದಾರೆ. ಆಗಸ್ಟ್‌ನಲ್ಲಿ ಫೈಲ್ ಮಾಡಿದ ರಿಟರ್ನ್ ಹಾಗೇ ಇದೆ. ನನ್ನ ಹತ್ರ ಬರುವ ಹತ್ತು ಅಂಗಡಿಯವರಲ್ಲಿ ಎಂಟು ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಇನ್ನೊಂದು. ಇದು ಟೈಪಿಂಗ್ ತಪ್ಪು ಅಂತ ನನಗೆ ಅನಿಸಲ್ಲ. ನಂಬರಿನ ಕೊನೆಯ, ಅಂದ್ರೆ 15ನೇ ಅಕ್ಷರ, ಮೊದಲ 14ನ್ನು ಲೆಕ್ಕ ಹಾಕಿ ಬರುವಂಥದ್ದು. ನಡುವೆ ಒಂದು ಅಂಕೆ ತಪ್ಪಿದ್ರೆ ಲೆಕ್ಕ ಕೂಡುವುದಿಲ್ಲ, ಪೋರ್ಟಲ್ ಆ ಬಿಲ್ ತಗೊಳ್ಳುವುದೇ ಇಲ್ಲ. ತಗೊಂಡಿದೆ ಅಂದ್ರೆ ಅದು ಯಾರದ್ದೋ ನಿಜವಾದ ನಂಬರ್. ತಪ್ಪು ಬಿಲ್ ಹತ್ರ ಇಟ್ಕೊಂಡು ಮೂರು ವಿಷಯ ಹೇಳಿ. ಎಡದಿಂದ ಆರನೇ ಅಕ್ಷರ ಏನು? ಬಿಲ್ ಮೇಲೆ ಕ್ಯೂಆರ್ ಕೋಡ್ ಮತ್ತು ಐಆರ್‌ಎನ್ ಅನ್ನುವ ಉದ್ದದ ಇ-ಇನ್ವಾಯ್ಸ್ ನಂಬರ್ ಇದೆಯಾ? ಡೀಲರ್ ತಿಂಗಳಿಗೊಮ್ಮೆ ರಿಟರ್ನ್ ಹಾಕ್ತಾರಾ, ಮೂರು ತಿಂಗಳಿಗಾ?

ಗೋಣಿಕೊಪ್ಪ ಕಾಫಿಪುಡಿ · 21 ಸೆಪ್ಟೆಂಬರ್

ಸರ್, ಆರನೇ ಅಕ್ಷರ F. ನನ್ನದರಲ್ಲಿ P ಇದೆ. ಕ್ಯೂಆರ್, ಐಆರ್‌ಎನ್ ಎರಡೂ ಇಲ್ಲ. ರಿಟರ್ನ್ ಪ್ರತಿ ತಿಂಗಳು ಹಾಕ್ತಾರಂತೆ.

ಕುಶಾಲನಗರ ಲೆಕ್ಕಪತ್ರ · 21 ಸೆಪ್ಟೆಂಬರ್

ಮೂರನೇ ಅಕ್ಷರದಿಂದ ಹನ್ನೆರಡನೆಯದರವರೆಗೆ ಇರುವುದು ಪ್ಯಾನ್. ಆರನೇ ಜಾಗದಲ್ಲಿ P ಇದ್ದರೆ ಒಬ್ಬ ವ್ಯಕ್ತಿಯ ಪ್ಯಾನ್, F ಇದ್ದರೆ ಪಾಲುದಾರಿಕೆ ಸಂಸ್ಥೆಯದ್ದು. ಅಂದ್ರೆ ಯಾವುದೋ ಪಾರ್ಟ್‌ನರ್‌ಶಿಪ್‌ನ ನಂಬರ್ ನಿಮ್ಮ ಬಿಲ್‌ಗೆ ಬಂದಿದೆ. ಪೋರ್ಟಲ್‌ನ ಮುಖಪುಟದಲ್ಲಿ `Search Taxpayer` ಇದೆ. ಲಾಗಿನ್ ಬೇಡ. ಆ ನಂಬರ್ ಹಾಕಿ ಹೆಸರು ನೋಡಿ.

ಗೋಣಿಕೊಪ್ಪ ಕಾಫಿಪುಡಿ · 21 ಸೆಪ್ಟೆಂಬರ್

ನೋಡಿದೆ. ವಿರಾಜಪೇಟೆಯಲ್ಲಿರುವ ನನ್ನ ಮೈದುನನ ಸಂಸ್ಥೆ! ನಾವು ಮೊದಲು ಒಟ್ಟಿಗೇ ಪುಡಿ ಮಾಡ್ತಿದ್ದೆವು, ನಾಲ್ಕು ವರ್ಷದ ಹಿಂದೆ ನಾನು ಬೇರೆ ಆದೆ. ಇದೇ ಡೀಲರ್ ಹತ್ರ ಆಗ ಒಂದು ಸೀಲಿಂಗ್ ಮಿಷನ್ ತಗೊಂಡಿದ್ವಿ. ಹಳೇ ನಂಬರ್ ಅವರ ಲಿಸ್ಟ್‌ನಲ್ಲಿ ಉಳಿದಿರಬೇಕು, ಹೆಸರು ಮಾತ್ರ ಬದಲಿಸಿ ಬಿಲ್ ಹಾಕಿದ್ದಾರೆ.

ಸೋಮವಾರಪೇಟೆ ಮೆಣಸು · 21 ಸೆಪ್ಟೆಂಬರ್

ಹಾಗಾದ್ರೆ ಸುಲಭ ಅಲ್ವಾ ಅಕ್ಕ? ಮನೆಯವರೇ ತಾನೇ. ನಿಮ್ಮ ಮೈದುನ ಕ್ರೆಡಿಟ್ ತಗೊಂಡು 25,200 ನಿಮಗೆ ಕೊಟ್ರೆ ಮುಗೀತು. ಪತ್ರ ಗಿತ್ರ ಯಾಕೆ?

ಕುಶಾಲನಗರ ಲೆಕ್ಕಪತ್ರ · 22 ಸೆಪ್ಟೆಂಬರ್

ಅದು ಬೇಡ, ದಯವಿಟ್ಟು. ಮಾಲು ಯಾರಿಗೆ ಬಂತೋ ಅವರಿಗೆ ಮಾತ್ರ ಕ್ರೆಡಿಟ್. ಮಿಷನ್ ಗೋಣಿಕೊಪ್ಪದಲ್ಲಿ ಇಳಿದಿದೆ, ದುಡ್ಡು ಮೇಡಂ ಅವರ ಲೋನ್‌ನಿಂದ ಹೋಗಿದೆ. ಮೈದುನ ಕ್ರೆಡಿಟ್ ತಗೊಂಡ್ರೆ ನಾಳೆ ನೋಟಿಸ್ ಬರುವುದು ಅವರಿಗೆ. ಈಗಾಗಲೇ ತಗೊಂಡಿದ್ರೆ ವಾಪಸ್ ಮಾಡಬೇಕು, ಖರ್ಚು ಮಾಡಿದ್ದರೆ ಬಡ್ಡಿಯೂ ಸೇರುತ್ತೆ. ಮೇಡಂ, ಇವತ್ತೇ ಅವರಿಗೆ ಫೋನ್ ಮಾಡಿ.

1ಎ ಫಾರ್ಮ್ ಬಂದಿರುವುದು ನಿಜ, 2024ರಲ್ಲಿ. ಆದ್ರೆ ಖರೀದಿದಾರರ ಜಿಎಸ್‌ಟಿ ನಂಬರ್ ಬದಲಿಸಲು ಅದರಲ್ಲಿ ಆಗುವುದಿಲ್ಲ. ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲಿ `9A - Amended B2B Invoices` ಅಂತ ಇದೆ, ಅಲ್ಲೇ ಆಗಬೇಕು. ಸೆಪ್ಟೆಂಬರ್ ಗಡುವು ಹಳೇ ಕಾಲದ್ದು. ಈಗ ಆ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30ರವರೆಗೆ ಇದೆ, ಅಷ್ಟರೊಳಗೆ ವಾರ್ಷಿಕ ರಿಟರ್ನ್ ಹಾಕಿದ್ರೆ ಅಲ್ಲಿಗೇ ಮುಗೀತು. ಈ ಬಿಲ್‌ಗೆ 2026ರ ನವೆಂಬರ್ 30. ಹಾಗಂತ ಕಾಯಬೇಡಿ.

ಐಆರ್‌ಎನ್ ಇಲ್ಲದ್ದು ಒಳ್ಳೇದೇ ಆಯ್ತು, ಆ ಗೊಡವೆ ಇಲ್ಲ. ಸೆಪ್ಟೆಂಬರ್ ತಿಂಗಳ ಜಿಎಸ್‌ಟಿಆರ್-1ಕ್ಕೆ ಅಕ್ಟೋಬರ್ 11 ಕೊನೆ ದಿನ. ಅದರಲ್ಲಿ ತಿದ್ದಿದ್ರೆ ಅಕ್ಟೋಬರ್ 14ಕ್ಕೆ ನಿಮ್ಮ 2ಬಿಗೆ ಬರಬೇಕು. ಪತ್ರ ಹೀಗೆ ಬರೀರಿ:

> ವಿಷಯ: ಬಿಲ್ ನಂ. ____, ದಿನಾಂಕ 18-07-2025. ಖರೀದಿದಾರರ ಜಿಎಸ್‌ಟಿ ನಂಬರ್ ತಿದ್ದುಪಡಿ, ರಿಟರ್ನ್‌ನಲ್ಲೂ ಬಿಲ್‌ನಲ್ಲೂ
>
> ಮಾನ್ಯರೇ,
>
> ಮೇಲಿನ ಬಿಲ್‌ನಲ್ಲಿ ನಮ್ಮಿಂದ 1,65,200 ರೂಪಾಯಿ ನಿಮಗೆ ಸಂದಾಯವಾಗಿದೆ. ಮಿಷನ್ ಗೋಣಿಕೊಪ್ಪದ ನಮ್ಮ ಅಂಗಡಿಗೆ ತಲುಪಿದೆ. ಬಿಲ್‌ನಲ್ಲಿ ನಮ್ಮ ಹೆಸರಿನ ಕೆಳಗೆ ಬೇರೆ ಸಂಸ್ಥೆಯ ಜಿಎಸ್‌ಟಿ ನಂಬರ್ ಬಂದಿದೆ.
>
> ಬಿಲ್‌ನಲ್ಲಿ ಇರುವ ನಂಬರ್: ____
> ನಮ್ಮ ಸರಿಯಾದ ನಂಬರ್: ____
>
> ನೀವು ಆಗಸ್ಟ್‌ನಲ್ಲಿ ಸರಿಪಡಿಸಿದ ಬಿಲ್ ಕಳಿಸಿದ್ದೀರಿ, ಅದಕ್ಕೆ ಧನ್ಯವಾದ. ಆದರೆ ಜುಲೈ ತಿಂಗಳ ಜಿಎಸ್‌ಟಿಆರ್-1ರಲ್ಲಿ ಹಳೆಯ ನಂಬರೇ ಇರುವುದರಿಂದ ಈ ಬಿಲ್ ನಮ್ಮ 2ಬಿಯಲ್ಲಿ ಕಾಣುತ್ತಿಲ್ಲ. ದಯವಿಟ್ಟು ಸೆಪ್ಟೆಂಬರ್ ತಿಂಗಳ ಜಿಎಸ್‌ಟಿಆರ್-1ರ 9A ಕೋಷ್ಟಕದಲ್ಲಿ ಈ ಬಿಲ್ ತೆರೆದು ನಮ್ಮ ನಂಬರ್ ಹಾಕಿ. ಬಿಲ್ ನಂಬರ್, ದಿನಾಂಕ, ಮೊತ್ತ, ತೆರಿಗೆ ಯಾವುದೂ ಬದಲಾಗುವುದು ಬೇಡ. ನಿಮ್ಮ ಗ್ರಾಹಕರ ಪಟ್ಟಿಯಲ್ಲೂ ನಮ್ಮ ನಂಬರ್ ಸರಿಪಡಿಸಿ.
>
> ತಿದ್ದಿದ ಮೇಲೆ ಈ ಮೇಲ್‌ಗೇ ಒಂದು ಸಾಲು ಉತ್ತರ ಹಾಕಿದರೆ ಉಪಕಾರ.
>
> ಜೊತೆಗೆ: ಮೂಲ ಬಿಲ್, ನೀವು ಕಳಿಸಿದ ಹೊಸ ಬಿಲ್, ನಮ್ಮ ನೋಂದಣಿ ಪತ್ರ, ಬ್ಯಾಂಕ್ ಪಾವತಿ ವಿವರ

ಎರಡೂ ನಂಬರ್ ಒಂದರ ಕೆಳಗೊಂದು ಇರಲಿ. ನಿಮ್ಮ ನಂಬರ್ ಅನ್ನು ಪೋರ್ಟಲ್‌ನಿಂದ ಕಾಪಿ ಮಾಡಿ ಮೇಲ್‌ನಲ್ಲೇ ಹಾಕಿ. ಫೋಟೋ ಕಳಿಸಿದ್ರೆ ಅವರು ನೋಡಿ ಟೈಪ್ ಮಾಡಬೇಕು, ಸೊನ್ನೆ ಹೋಗಿ O ಆಗುತ್ತೆ. ಮೇಲ್ ಅನ್ನು ಡೀಲರ್ ಜೊತೆಗೆ ಅವರ ಲೆಕ್ಕ ನೋಡುವವರಿಗೂ ಹಾಕಿ. ರಿಟರ್ನ್ ಹಾಕುವವರು ಅವರೇ. ಕೌಂಟರ್‌ನಲ್ಲಿ ಕೂತವರಿಗೆ 9A ಅಂದ್ರೆ ಗೊತ್ತಿರಲ್ಲ.

ಹುಣಸೂರು ಬಿಲ್ಲಿಂಗ್ · 22 ಸೆಪ್ಟೆಂಬರ್

ನಾನು ಒಂದು ಮಿಷನರಿ ಅಂಗಡಿಯಲ್ಲಿ ಬಿಲ್ ಹಾಕುವವನು, ಆ ಕಡೆಯ ಮಾತು ಹೇಳ್ತೀನಿ. ನಾವು ಇಂಥದ್ದಕ್ಕೆ ಹಳೇ ನಂಬರಿಗೆ ಕ್ರೆಡಿಟ್ ನೋಟ್ ಹಾಕಿ, ಸರಿಯಾದ ನಂಬರಿಗೆ ಹೊಸ ಬಿಲ್ ಹಾಕ್ತೀವಿ. ಆಡಿಟರ್ ಅದೇ ಸುಲಭ ಅಂತಾರೆ. ಪತ್ರದಲ್ಲಿ ಅದನ್ನೂ ಕೇಳಬಹುದಲ್ವಾ ಸರ್?

ಕುಶಾಲನಗರ ಲೆಕ್ಕಪತ್ರ · 22 ಸೆಪ್ಟೆಂಬರ್

ತುಂಬಾ ಜನ ಮಾಡ್ತಾರೆ, ಗೊತ್ತು. ನನಗೆ ಒಪ್ಪಿಗೆ ಇಲ್ಲ. ಕ್ರೆಡಿಟ್ ನೋಟ್ ಇರುವುದು ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿದ್ರೆ, ಮಾಲು ವಾಪಸ್ ಬಂದ್ರೆ, ಮಾಲಿನಲ್ಲಿ ಕೊರತೆ ಇದ್ರೆ. ಇಲ್ಲಿ ಅದ್ಯಾವುದೂ ಆಗಿಲ್ಲ. ಮೈದುನನ ಪುಸ್ತಕದಲ್ಲಿ ಇಲ್ಲದ ಬಿಲ್‌ಗೆ ಕ್ರೆಡಿಟ್ ನೋಟ್ ಬಂದು ಕೂರುತ್ತೆ. ಇನ್ನೊಂದು, ಮೇಡಂ ಅವರ ಲೋನ್ ಫೈಲ್‌ನಲ್ಲಿ ಜುಲೈ 18ರ ಬಿಲ್ ಇದೆ. ಹೊಸ ನಂಬರ್, ಹೊಸ ದಿನಾಂಕದ ಬಿಲ್ ಬಂದ್ರೆ ಬ್ಯಾಂಕಿಗೂ ವಿವರಣೆ ಕೊಡಬೇಕು. ವಾರಂಟಿಯೂ ಯಾವ ದಿನದಿಂದ ಅಂತ ತಕರಾರು.

ಹುಣಸೂರು ಬಿಲ್ಲಿಂಗ್ · 23 ಸೆಪ್ಟೆಂಬರ್

ಲೋನ್ ಇರುವಾಗ ನಿಮ್ಮ ಮಾತು ಸರಿ. ಲೋನ್ ಇಲ್ಲದಿದ್ರೆ ನಮ್ಮ ಆಡಿಟರ್ ಈಗಲೂ ಕ್ರೆಡಿಟ್ ನೋಟ್ ಅಂತಾನೇ ಹೇಳ್ತಾರೆ. ಅಂದಹಾಗೆ, ಮಿಷನ್ ಬಂದಾಗ ಇ-ವೇ ಬಿಲ್ ಆಗಿರುತ್ತೆ, ಅದರಲ್ಲೂ ಹಳೇ ನಂಬರೇ ಇರುತ್ತೆ ನೋಡಿ.

ಗೋಣಿಕೊಪ್ಪ ಕಾಫಿಪುಡಿ · 23 ಸೆಪ್ಟೆಂಬರ್

ಹೌದು, ಡ್ರೈವರ್ ಕೊಟ್ಟ ಹಾಳೆ ಇದೆ. ಆವತ್ತು ತಿತಿಮತಿ ದಾಟುವಾಗ ಜೋರು ಮಳೆಯಂತೆ, ಹಾಳೆಯ ಒಂದು ಮೂಲೆ ನೆಂದು ಶಾಯಿ ಹರಡಿದೆ. ಆದ್ರೂ ಓದಲು ಬರುತ್ತೆ. ನಂಬರ್ ಮೈದುನನದ್ದೇ, ಇಳಿಸಿದ ವಿಳಾಸ ಮಾತ್ರ ಗೋಣಿಕೊಪ್ಪ.

ಕುಶಾಲನಗರ ಲೆಕ್ಕಪತ್ರ · 23 ಸೆಪ್ಟೆಂಬರ್

ಅದನ್ನು ಈಗ ತಿದ್ದಲು ಬರುವುದಿಲ್ಲ, ಬಿಟ್ಟುಬಿಡಿ. ಆದ್ರೆ ಹಾಳೆ ಜೋಪಾನ. ಮಾಲು ನಿಮ್ಮಲ್ಲಿಗೇ ಬಂತು ಅನ್ನುವುದಕ್ಕೆ ಆ ವಿಳಾಸವೇ ಸಾಕ್ಷಿ. ಅದರ ಪ್ರತಿಯನ್ನೂ ಪತ್ರದ ಜೊತೆ ಸೇರಿಸಿ.

ಗೋಣಿಕೊಪ್ಪ ಕಾಫಿಪುಡಿ · 15 ಅಕ್ಟೋಬರ್

ಪತ್ರ ಹಾಕಿದ ಮೂರನೇ ದಿನಕ್ಕೆ ಡೀಲರ್ ಕಡೆಯ ಲೆಕ್ಕದವರೇ ಫೋನ್ ಮಾಡಿದ್ರು. "9A ಅಂತ ಬರೆದಿದ್ದಕ್ಕೆ ಏನು ಬೇಕು ಅಂತ ಗೊತ್ತಾಯ್ತು, ಹಿಂದಿನ ಮೇಲ್ ನನ್ನ ತನಕ ಬಂದೇ ಇಲ್ಲ" ಅಂದ್ರು. ನಿನ್ನೆ 2ಬಿ ತೆಗೆದೆ. ಮೊದಲು ಕಾಣಲಿಲ್ಲ, ಎದೆ ಧಸಕ್ ಅಂತು. ಆಮೇಲೆ ನೋಡಿದ್ರೆ ಮಾಮೂಲಿ ಬಿಲ್‌ಗಳ ಜೊತೆ ಇಲ್ಲ, ತಿದ್ದುಪಡಿಯ ಭಾಗದಲ್ಲಿ ಇದೆ. ಅದೇ ಬಿಲ್ ನಂಬರ್, ಜುಲೈ 18, ಸೆಂಟ್ರಲ್ ತೆರಿಗೆ 12,600 ಮತ್ತು ಸ್ಟೇಟ್ ತೆರಿಗೆ 12,600.

ಮೈದುನನ ಕಡೆ ಇನ್ನೂ ಮುಗಿದಿಲ್ಲ. ಅವರ ಆಡಿಟರ್ ಜುಲೈ ತಿಂಗಳ ರಿಟರ್ನ್‌ನಲ್ಲೇ ನೋಡದೆ ಕ್ರೆಡಿಟ್ ತಗೊಂಡುಬಿಟ್ಟಿದ್ದಾರೆ. ಈ ತಿಂಗಳ ತೆರಿಗೆ ಕಟ್ಟುವ ರಿಟರ್ನ್ 3ಬಿಯಲ್ಲಿ ವಾಪಸ್ ಮಾಡ್ತೀವಿ ಅಂತಾರೆ, ಬಡ್ಡಿ ಬೇಕಾ ಬೇಡವಾ ಅಂತ ಅವರಿಗೂ ಖಾತ್ರಿ ಇಲ್ಲ. ಅವರ ಕ್ರೆಡಿಟ್ ಲೆಡ್ಜರ್‌ನಲ್ಲಿ ಬ್ಯಾಲೆನ್ಸ್ ಯಾವಾಗಲೂ 40,000 ಮೇಲೇ ಇತ್ತಂತೆ.

ಕುಶಾಲನಗರ ಲೆಕ್ಕಪತ್ರ · 15 ಅಕ್ಟೋಬರ್

ಜುಲೈಯಿಂದ ಇಲ್ಲಿಯವರೆಗೆ ಆ ಬ್ಯಾಲೆನ್ಸ್ ಒಂದು ದಿನವೂ 25,200ಕ್ಕಿಂತ ಕೆಳಗೆ ಇಳಿದಿಲ್ಲ ಅಂದ್ರೆ, ಈ ಕ್ರೆಡಿಟ್ ಖರ್ಚಾಗಿಲ್ಲ ಅಂತ ಲೆಕ್ಕ, ಬಡ್ಡಿ ಬರುವುದಿಲ್ಲ. ಆದ್ರೆ ಸೆಂಟ್ರಲ್, ಸ್ಟೇಟ್ ಎರಡೂ ಬೇರೆ ಬೇರೆ ನೋಡಬೇಕು. ಒಟ್ಟು 40,000 ಇದ್ದು ಒಂದರಲ್ಲಿ 12,600 ಇಲ್ಲದೆ ಹೋಗಿದ್ದರೆ ಕಥೆ ಬೇರೆ. ಲೆಡ್ಜರ್ ತೆಗೆಸಿ ತಿಂಗಳವಾರು ಹಾಕಿ, ನೋಡೋಣ.