ಸಹಾಯ ಬೇಕು: ತೇವದ ಮಣ್ಣಿನಲ್ಲಿ ಹೂಳುವ ಮರದ ಕಂಬಗಳಿಗೆ ಯಾವ ರಕ್ಷಣೆ?

ಸದಾ ತೇವವಿರುವ ಜೇಡಿಮಣ್ಣಿನಲ್ಲಿ 4 ಇಂಚು ದಪ್ಪದ ಬೇಲಿ ಕಂಬಗಳನ್ನು 2 ಅಡಿ ಆಳಕ್ಕೆ ಹೂಳಬೇಕಾಗಿದೆ. ಹಳೆಯ ಕಂಬಗಳು ತೇವವೂ ಗಾಳಿಯೂ ಒಟ್ಟಿಗೆ ಸಿಗುವ ನೆಲಮಟ್ಟದಲ್ಲೇ ಕೊಳೆತು ಮುರಿದಿದ್ದು, ಆಳದಲ್ಲಿದ್ದ ಬುಡ ಗಟ್ಟಿಯಾಗಿಯೇ ಇತ್ತು.

ಬುಡವನ್ನು ಸುಟ್ಟರೆ ಉಂಟಾಗುವ ಇದ್ದಿಲಿನ ಪದರ ತಾನು ಕೊಳೆಯದಿದ್ದರೂ, ಅದರ ಬಿರುಕುಗಳ ಮೂಲಕ ಗೆದ್ದಲು ಮತ್ತು ಶಿಲೀಂಧ್ರ ಒಳಗಿನ ಮರವನ್ನು ತಲುಪುತ್ತವೆ. ಆದ್ದರಿಂದ ಇದನ್ನೊಂದೇ ನಂಬಲು ನನಗೆ ಮನಸ್ಸಿಲ್ಲ. ಬಿಟುಮೆನ್ ಬಣ್ಣ ಹೊರಗಿನ ನೀರನ್ನು ತಡೆದರೂ, ಮರ ಪೂರ್ತಿ ಒಣಗಿರದಿದ್ದರೆ ಅಥವಾ ಕಂಬದ ತಲೆಯಿಂದ ಮಳೆನೀರು ಇಳಿದರೆ, ಆ ತೇವವನ್ನು ಒಳಗೇ ಹಿಡಿದಿಡುತ್ತದೆ.

ಹಾಗಾಗಿ ತಾಮ್ರದ ಲವಣಗಳನ್ನು ಒತ್ತಡದಿಂದ ಒಳಗಿಳಿಸಿದ ಕಂಬಗಳತ್ತ ವಾಲಿದ್ದೇನೆ. ಆದರೆ ಔಷಧಿ ಹೊರಗಿನ ಬಿಳಿಮರಕ್ಕೆ ಇಳಿಯುವಷ್ಟು ಚೇಗಿಗೆ ಇಳಿಯುವುದಿಲ್ಲ. ಉದ್ದ ಕಡಿಮೆ ಮಾಡಲು ಕತ್ತರಿಸಿದರೆ ಸಂಸ್ಕರಣೆಯಾಗದ ಚೇಗು ತೆರೆದುಕೊಳ್ಳುತ್ತದೆ. ಕತ್ತರಿಸಿದ ತುದಿಯನ್ನು ಮೇಲಕ್ಕೇ ಇರಿಸಿ, ತಾಮ್ರದ ನ್ಯಾಫ್ತನೇಟ್ ಎಂಬ ಮರರಕ್ಷಕ ದ್ರವ ಬಳಿಯಬೇಕೆಂದಿದ್ದೇನೆ. (ಅದರ ಬದಲು ಬೋರಾಕ್ಸ್ ಬಳಿದರೆ ತೇವದ ಮಣ್ಣಿನಲ್ಲಿ ಕರಗಿ ಹೋಗುತ್ತದೆ.)

ಇಂತಹ ಕಂಬಕ್ಕೆ ನೆಲಮಟ್ಟದ ಮೇಲೆ ಮತ್ತು ಕೆಳಗೆ 6 ಇಂಚಿನಷ್ಟು ಮಾತ್ರ ಬಿಟುಮೆನ್ ಪಟ್ಟಿ ಬಳಿದು, ಕೆಳತುದಿಯನ್ನು ತೆರೆದೇ ಬಿಟ್ಟು ಜಲ್ಲಿಯ ಮೇಲೆ ನಿಲ್ಲಿಸಿ ನೋಡಿದವರಿದ್ದೀರಾ? ಕೆಲವು ವರ್ಷಗಳ ನಂತರ ಪಟ್ಟಿಯ ಅಡಿಯ ಮರವನ್ನು ಚೂಪಾದ ಮೊಳೆಯಿಂದ ಚುಚ್ಚಿ ಪರೀಕ್ಷಿಸಿದ್ದರೆ, ಅದು ಗಟ್ಟಿಯಾಗಿತ್ತೇ ಮೆತ್ತಗಾಗಿತ್ತೇ ಎಂಬುದನ್ನು ದಯವಿಟ್ಟು ತಿಳಿಸಿ.